ಮೊದಲು ಇಷ್ಟು, ಆಮೇಲೆ ಇಷ್ಟು. ಸರಿ, ಹುಡುಗರದ್ದು ಎಲ್ಲಿ?

ನಿನ್ನೆ ಧಾರವಾಡದಲ್ಲಿ ಒಂದು ಕಾರ್ಯಕ್ರಮ. ಒಂದು ಸಂಸ್ಥೆಯವರು ಹುಡುಗಿಯರಿಗೆ ಸೈಕಲ್ ಹಂಚಿದ್ದರು. ಪರದೆ ಮೇಲೆ ಎರಡು ಕಂಬ: ಸೈಕಲ್‌ಗಿಂತ ಮೊದಲು ಹೈಸ್ಕೂಲಿಗೆ ಇಷ್ಟು ಹುಡುಗಿಯರು, ಆಮೇಲೆ ಇಷ್ಟು. ಜೋರು ಚಪ್ಪಾಳೆ. ನನ್ನ ಸ್ವಭಾವ ನಿಮಗೆ ಗೊತ್ತಲ್ಲ, ಎದ್ದು ಕೇಳಿಯೇಬಿಟ್ಟೆ: "ಸರ್, ಅದೇ ವರ್ಷಗಳಲ್ಲಿ ಹುಡುಗರು ಎಷ್ಟು ಹೆಚ್ಚಾದರು?"

"ಅದ್ಯಾಕ್ರೀ ಬೇಕು?"

ಯಾಕೆ ಬೇಕು ಅಂದ್ರೆ, ರಸ್ತೆ ಆಯ್ತು, ಹೊಸ ಶಾಲೆ ಬಂತು, ಅಪ್ಪಂದಿರ ಕೈಯಲ್ಲಿ ಸ್ವಲ್ಪ ದುಡ್ಡು ಬಂತು. ಸೈಕಲ್ ಇಲ್ಲದಿದ್ದರೂ ಒಂದಿಷ್ಟು ಮಕ್ಕಳು ಹೆಚ್ಚಾಗುತ್ತಿದ್ದರು.

ಬಿಹಾರದಲ್ಲಿ 2006ರಲ್ಲಿ 9ನೇ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಡುವ ಯೋಜನೆ ಶುರುವಾಯಿತು. ಅದರ ಪರಿಣಾಮವನ್ನು ಅಳೆದವರು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್. ಸುಮ್ನೆ ಲೆಕ್ಕಕ್ಕೆ ಹೀಗೆ ಹಿಡಿಯಿರಿ: ಹೈಸ್ಕೂಲಿಗೆ ಹೋಗುವವರು ನೂರು ಹುಡುಗಿಯರಲ್ಲಿ 40 ಇದ್ದದ್ದು 55 ಆಯಿತು, ನೂರು ಹುಡುಗರಲ್ಲಿ 60 ಇದ್ದದ್ದು 68. ಹದಿನೈದರಲ್ಲಿ ಎಂಟು ಕಳೆಯಿರಿ, ಉಳಿದದ್ದು 7. ಇದೇ ಡಿಫರೆನ್ಸ್ ಇನ್ ಡಿಫರೆನ್ಸಸ್. ಆದರೆ ಹುಡುಗಿಯರು ಹೇಗೂ ಹುಡುಗರನ್ನು ಹಿಂದಿನಿಂದ ಬಂದು ಹಿಡಿಯುತ್ತಿದ್ದರೆ? ಹಾಗಾಗಿ 2000ದವರೆಗೆ ಬಿಹಾರದ್ದೇ ಭಾಗವಾಗಿದ್ದ, ಈ ಯೋಜನೆ ಇಲ್ಲದ ಜಾರ್ಖಂಡ್ ನೋಡಿದರು. ಅಲ್ಲಿ ಇದೇ ಲೆಕ್ಕಕ್ಕೆ 4 ಬಂದರೆ ಸೈಕಲ್ ಪಾಲಿಗೆ ಉಳಿಯುವುದು ಬರೀ 3. ನಮ್ಮ ಸಭೆಯಲ್ಲಿ ಚಪ್ಪಾಳೆ ಬಿದ್ದದ್ದು ಹದಿನೈದಕ್ಕೆ!

ಮುರಳೀಧರನ್ ಮತ್ತು ಪ್ರಕಾಶ್ ಅವರಿಗೆ ಸಿಕ್ಕ ನಿಜವಾದ ಉತ್ತರ ಚೆನ್ನಾಗಿಯೇ ಇತ್ತು. ಹುಡುಗಿಯರ ದಾಖಲಾತಿ ಸುಮಾರು 32% ಏರಿತ್ತು. ನನಗೆ ಅದಕ್ಕಿಂತ ಇಷ್ಟವಾದದ್ದು ಅವರು ಮಾಡಿದ ಇನ್ನೊಂದು ಪರೀಕ್ಷೆ. ಏರಿಕೆ ಹೆಚ್ಚಾಗಿ ಕಂಡದ್ದು ಹೈಸ್ಕೂಲು ಮೂರು ಕಿಲೋಮೀಟರ್ ಅಥವಾ ಅದಕ್ಕಿಂತ ದೂರ ಇದ್ದ ಹಳ್ಳಿಗಳಲ್ಲಿ. ಕೆಲಸ ಮಾಡಿದ್ದು ಸೈಕಲ್ಲೇ ಆದರೆ ಹಾಗೇ ಆಗಬೇಕು, ಅಲ್ವಾ?

"ಮಕ್ಕಳು ಶಾಲೆಗೆ ಬಂದರೆ ಸಾಕು, ನಿಮ್ಮ ಗಣಿತ ಯಾರಿಗೆ ಬೇಕು" ಅಂತ ಕಮೆಂಟ್ ಬರುತ್ತದೆ, ಗೊತ್ತು. ಸ್ವಾಮಿ, ಮಕ್ಕಳನ್ನು ಕರೆತಂದದ್ದು ಹೊಸ ಶಾಲೆಯಾಗಿದ್ದರೆ ಮುಂದಿನ ವರ್ಷದ ದುಡ್ಡನ್ನು ಸೈಕಲ್ಲಿಗೆ ಯಾಕೆ ಸುರಿಯಬೇಕು?

ಹೋಲಿಸಲು ಜಾರ್ಖಂಡ್ ಥರದ್ದು ಸಿಗದಿದ್ದಾಗ ಫಜೀತಿ ಇನ್ನೂ ಜಾಸ್ತಿ. ಡ್ಯಾಮ್ ಕಟ್ಟಿದರೆ ಬಡತನ ಇಳಿಯುತ್ತದೆಯೇ ಅನ್ನುವ ಪ್ರಶ್ನೆ ನೋಡಿ. ಸರ್ಕಾರ ಎಲ್ಲೆಂದರಲ್ಲಿ ಕಟ್ಟುವುದಿಲ್ಲ, ಒಳ್ಳೆ ಜಮೀನು ಮತ್ತು ರಾಜಕೀಯ ಬಲ ಎರಡನ್ನೂ ನೋಡುತ್ತದೆ. ಹಾಗಾಗಿ ಡ್ಯಾಮ್ ಇರುವ ಜಿಲ್ಲೆಯನ್ನು ಇಲ್ಲದ ಜಿಲ್ಲೆಯ ಜೊತೆ ಹೋಲಿಸಿದರೆ ಏನೂ ತಿಳಿಯದು. ಅರ್ಥಶಾಸ್ತ್ರಜ್ಞರಾದ ಎಸ್ತರ್ ಡುಫ್ಲೋ ಮತ್ತು ರೋಹಿಣಿ ಪಾಂಡೆ 2007ರ ತಮ್ಮ ಅಧ್ಯಯನದಲ್ಲಿ ನದಿಯ ಇಳಿಜಾರನ್ನು ಹಿಡಿದರು. ಇಳಿಜಾರು ಹದವಾಗಿದ್ದರೆ ನೀರಾವರಿ ಡ್ಯಾಮ್ ಕಟ್ಟಲು ಸುಲಭ, ಮತ್ತು ಅದನ್ನು ಯಾವ ಶಾಸಕರೂ ಬದಲಿಸಲಾರರು. ಡ್ಯಾಮ್‌ಗಳ ಸಂಖ್ಯೆಯಲ್ಲಿ ಇಳಿಜಾರಿನಿಂದಾಗಿ ಬಂದ ಏರಿಳಿತವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರು. ಇದು ಇನ್‌ಸ್ಟ್ರುಮೆಂಟಲ್ ವೇರಿಯಬಲ್. ಸಿಕ್ಕ ಉತ್ತರ: ಡ್ಯಾಮ್‌ನಿಂದ ಕೆಳಗಿನ ಜಿಲ್ಲೆಗಳಲ್ಲಿ ಬಡತನ ಇಳಿದಿದೆ, ಡ್ಯಾಮ್ ಕಟ್ಟಿದ ಜಿಲ್ಲೆಯಲ್ಲೇ ಏರಿದೆ. ಸವದತ್ತಿ ಹತ್ತಿರದ ನವಿಲುತೀರ್ಥ ಡ್ಯಾಮ್‌ನಿಂದ ನವಲಗುಂದ, ನರಗುಂದದ ಕಡೆ ಕಾಲುವೆ ಹೋಗುವುದನ್ನು ನೋಡುತ್ತ ಬೆಳೆದ ನನಗೆ ಇದನ್ನು ಓದಿ ಒಂಥರಾ ಆಯಿತು.

ಈ ಉಪಾಯಕ್ಕೂ ಒಂದು ತೊಡಕಿದೆ. ಇಳಿಜಾರು ಡ್ಯಾಮ್ ಮೂಲಕ ಅಲ್ಲದೆ ಮಣ್ಣು, ರಸ್ತೆಗಳ ಮೂಲಕವೂ ಬಡತನವನ್ನು ಮುಟ್ಟಿದರೆ ಲೆಕ್ಕ ಕೆಡುತ್ತದೆ. ಅದಕ್ಕೇ ಅವರು ಬರೀ ಇಳಿಜಾರು ಸಾಲದು ಅಂತ, ರಾಜ್ಯದಲ್ಲಿ ವರ್ಷ ವರ್ಷ ಹೆಚ್ಚಾದ ಡ್ಯಾಮ್‌ಗಳ ಜೊತೆ ಅದನ್ನು ಕೂಡಿಸಿ, ಅದೇ ಜಿಲ್ಲೆಯನ್ನು ಅದರ ಹಿಂದಿನ ವರ್ಷಗಳ ಜೊತೆ ಹೋಲಿಸಿದರು. ಅಷ್ಟೆಲ್ಲ ಮಾಡಿಯೂ ಇಳಿಜಾರು ಬಡತನವನ್ನು ಮುಟ್ಟುವ ಬೇರೆ ದಾರಿ ಇಲ್ಲವೇ ಇಲ್ಲ ಅಂತ ಅಂಕಿಅಂಶ ತಾನಾಗಿ ಹೇಳುವುದಿಲ್ಲ, ವಾದ ಮಾಡಿಯೇ ಒಪ್ಪಿಸಬೇಕು. ನಮ್ಮವರು ನೋಡಿದರೆ ಹುಡುಗರ ಲೆಕ್ಕ ಕೇಳಿದ್ದಕ್ಕೇ ಮುಖ ಊದಿಸಿಕೊಂಡರು.