ಜಗಳ ಆಡಿದ ಇಬ್ರಿಗೂ ಒಂದೇ ಮೆಸೇಜ್ ಕಳ್ಸಿ

ಟೀಮಲ್ಲಿ ಇಬ್ರು ಮಾತು ಬಿಟ್ರೆ ಗ್ರೂಪಲ್ಲಿ ಒಂದು ಮೆಸೇಜ್ ಬಂದೇ ಬರುತ್ತೆ, "ಇಬ್ರೂ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ, ನಾವೆಲ್ಲ ಒಂದೇ ಫ್ಯಾಮಿಲಿ" ಅಂತ. ಇದನ್ನ ಓದಿ ಜಗಳ ನಿಂತಿದ್ದು ನಾನಂತೂ ನೋಡಿಲ್ಲ. ನನ್ನದೇನೂ ತಪ್ಪಿಲ್ಲ ಅನ್ಕೊಂಡಿರೋರಿಗೆ ಅದು "ನಿನ್ನದೂ ತಪ್ಪಿದೆ" ಅಂತಾನೇ ಕೇಳ್ಸೋದು, ಅದೂ ಎಲ್ಲರ ಎದುರಿಗೆ. ತಪ್ಪನ್ನ ಅರ್ಧ ಅರ್ಧ ಹಂಚಿದ್ರೆ ಯಾರ ಪಕ್ಷಾನೂ ವಹಿಸ್ದಂಗಾಯ್ತು ಅಂತ ತುಂಬಾ ಜನ ತಿಳ್ಕೊಂಡಿದಾರೆ, ನಾನು ಒಪ್ಪಲ್ಲ. ತಪ್ಪಿನ ಮಾತೇ ಎತ್ತದೆ ಇಬ್ರನ್ನೂ ಒಂದು ಕಡೆ ಕೂರಿಸೋ ಹಾಗೆ ಬರೀಬೇಕು.

ನಮ್ಮ ಸಾಫ್ಟ್‌ವೇರ್ ಕೆಲಸದ್ದೇ ಒಂದು ಕೇಸ್ ಹೇಳ್ತೀನಿ. ಟೆಸ್ಟರ್ ಒಬ್ರು ಬಗ್ ಹಾಕಿದ್ರು, ಹೊಸ ಒಟಿಪಿ ಕೇಳಿದ್ಮೇಲೂ ಹಳೇ ಒಟಿಪಿ ಹಾಕಿದ್ರೆ ಲಾಗಿನ್ ಆಗ್ತಿದೆ ಅಂತ. ಡೆವಲಪರ್ "ನನ್ನ ಸಿಸ್ಟಮಲ್ಲಿ ಬರ್ತಿಲ್ಲ" ಅಂತ ಕ್ಲೋಸ್ ಮಾಡಿದ್ರು, ಇವ್ರು ರೀಓಪನ್, ಅವ್ರು ಮತ್ತೆ ಕ್ಲೋಸ್, ಹೀಗೇ ಮೂರು ಸಲ ಆಯ್ತು. ಆಮೇಲೆ ಟಿಕೆಟಲ್ಲೇ "ಮೊದ್ಲು ಸರಿಯಾಗಿ ಟೆಸ್ಟ್ ಮಾಡೋದು ಕಲೀರಿ" ಅಂತ ಒಬ್ರು, "ಫಿಕ್ಸ್ ಮಾಡ್ದೆ ಕ್ಲೋಸ್ ಮಾಡೋ ಅಭ್ಯಾಸ ಬಿಡಿ" ಅಂತ ಮ್ಯಾನೇಜರ್‌ನ ಟ್ಯಾಗ್ ಮಾಡಿ ಇನ್ನೊಬ್ರು. ಅಲ್ಲಿಂದ ಸ್ಟ್ಯಾಂಡಪ್ಪಲ್ಲಿ ಒಬ್ರ ಮುಖ ಒಬ್ರು ನೋಡ್ತಿರ್ಲಿಲ್ಲ.

ಆಗ ನಾನು ಅವರಿಬ್ರೂ ನಾನೂ ಮಾತ್ರ ಇರೋ ಚಾಟ್ ಒಂದನ್ನ ತೆಗೆದು ಇಷ್ಟು ಬರ್ದೆ:

"ಇಬ್ರಿಗೂ ನಮಸ್ಕಾರ. ಒಟಿಪಿ ಬಗ್ ಮೂರು ಸಲ ಕ್ಲೋಸ್ ಆಗಿ ಮೂರು ಸಲ ರೀಓಪನ್ ಆಗಿದೆ. ಯಾರು ಸರಿ ಅಂತ ತೀರ್ಮಾನ ಮಾಡೋಕೆ ಕರೀತಿಲ್ಲ, ನಿಮ್ಮಿಬ್ರ ಸ್ಕ್ರೀನಲ್ಲೂ ಏನು ಕಾಣ್ತಿದೆ ಅಂತ ಒಟ್ಟಿಗೆ ನೋಡೋಣ, ಕಾಮೆಂಟ್‌ಗಳ ಬಗ್ಗೆ ಹೇಳೋದಿದ್ರೆ ಅದನ್ನೂ ಅಲ್ಲೇ ಮಾತಾಡೋಣ. ಇವತ್ತು 4 ಗಂಟೆಗೆ ಅಥವಾ ನಾಳೆ 11ಕ್ಕೆ, ಅರ್ಧ ಗಂಟೆ, ನಾವು ಮೂರೇ ಜನ. ಅದಕ್ಕೂ ಮುಂಚೆ ನನ್ ಹತ್ರ ಒಬ್ರೇ ಮಾತಾಡ್ಬೇಕು ಅನ್ಸಿದ್ರೆ ಇಬ್ರೂ ಮಾತಾಡಬಹುದು. ಅಲ್ಲೀವರೆಗೂ ಟಿಕೆಟ್ ಹಾಗೇ ಇರ್ಲಿ, ಯಾರೂ ಕಾಮೆಂಟ್ ಹಾಕೋದು ಬೇಡ."

ಶುರುವಲ್ಲೇ ಇರೋ ಕ್ಲೋಸ್, ರೀಓಪನ್ ಲೆಕ್ಕ ಟಿಕೆಟ್ ಹಿಸ್ಟರೀಲಿ ಇಬ್ರಿಗೂ ಕಾಣುತ್ತೆ, ಅದರ ಬಗ್ಗೆ ವಾದ ಮಾಡೋಕೆ ಏನೂ ಇಲ್ಲ. "ಜಗಳ" ಅಂತ ಬರೀಲಿಲ್ಲ, "ಮಿಸ್‌ಅಂಡರ್‌ಸ್ಟ್ಯಾಂಡಿಂಗ್" ಅಂತಾನೂ ಬರೀಲಿಲ್ಲ, ಹಾಗಂದ್ರೆ ಯಾರೋ ಒಬ್ರಿಗೆ ಅರ್ಥ ಆಗಿಲ್ಲ ಅಂತ ನಾನೇ ಹೇಳ್ದಂಗೆ. ಟೈಮ್ ಎರಡು ಕೊಟ್ಟಿದ್ದು ವಿಚಾರಣೆಗೆ ಕರ್ದಂಗೆ ಅನ್ಸಬಾರ್ದು ಅಂತ. ಕಳ್ಸೋ ಮುಂಚೆ ಒಂದು ಕೆಲಸ ಮಾಡಿ, ಡೆವಲಪರ್ ಆಗಿ ಒಂದ್ಸಲ ಓದಿ, ಟೆಸ್ಟರ್ ಆಗಿ ಇನ್ನೊಂದ್ಸಲ ಓದಿ, ಯಾವುದಾದ್ರೂ ಒಂದು ಸಾಲು ಒಬ್ರಿಗೆ ಮಾತ್ರ ಚುಚ್ಚೋ ಹಾಗಿದ್ರೆ ಅದನ್ನ ತೆಗೀರಿ.

ಇದೆಲ್ಲ ಕೆಡೋದು ಸೈಡಲ್ಲಿ ಕಳ್ಸೋ ಮೆಸೇಜಿಂದ. "ಅವ್ರ ಸ್ವಭಾವ ನಿಮಗೆ ಗೊತ್ತಲ್ಲ, ತಲೆ ಕೆಡಿಸ್ಕೋಬೇಡಿ" ಅಂತ ಒಬ್ರಿಗೆ ಸಮಾಧಾನ ಹೇಳಿದ್ರೆ, ಅದರ ಸ್ಕ್ರೀನ್‌ಶಾಟ್ ಇನ್ನೊಬ್ರಿಗೆ ಹೋದ ದಿನ ನಿಮ್ಮ ಮಾತಿಗೆ ಬೆಲೆ ಇರಲ್ಲ.

ಕೂತಾಗ ಇಬ್ರೂ ಅವರವರ ಲ್ಯಾಪ್‌ಟಾಪಲ್ಲಿ ಮಾಡಿ ತೋರ್ಸಿದ್ರು, ಒಬ್ರು ತೋರ್ಸೋವಾಗ ಇನ್ನೊಬ್ರು ಮಧ್ಯ ಮಾತಾಡೋ ಹಾಗಿಲ್ಲ ಅಂತ ಮೊದ್ಲೇ ಹೇಳಿದ್ದೆ. ಡೆವಲಪರ್ ಲ್ಯಾಪ್‌ಟಾಪಲ್ಲಿ ಓಡ್ತಿದ್ದಿದ್ದು ಒಂದೇ ಸರ್ವರ್. ಟೆಸ್ಟರ್ ನೋಡ್ತಿದ್ದ ಸ್ಟೇಜಿಂಗಲ್ಲಿ ಎರಡು ಸರ್ವರ್, ಒಂದೊಂದೂ ಒಟಿಪಿನ ತನ್ನ ಮೆಮೊರೀಲೇ ಇಟ್ಕೊಳ್ತಿತ್ತು. ಹೊಸ ಒಟಿಪಿ ಎರಡನೇ ಸರ್ವರಲ್ಲಿ ಹುಟ್ಟಿದ್ರೂ ಮೊದಲನೇದ್ರಲ್ಲಿ ಹಳೇದು ಹಾಗೇ ಉಳೀತಿತ್ತು, ಲಾಗಿನ್ ರಿಕ್ವೆಸ್ಟ್ ಅಲ್ಲಿಗೆ ಹೋದಾಗ ಹಳೇದೂ ನಡೀತಿತ್ತು. ಅದಕ್ಕೇ ಒಂದ್ಸಲ ಬರೋದು, ಒಂದ್ಸಲ ಬರದೇ ಇರೋದು. ಬಗ್ ಏನೋ ಸಿಕ್ತು, ಆದ್ರೆ ಮನಸ್ಸಲ್ಲಿದ್ದಿದ್ದು ಅಷ್ಟಕ್ಕೇ ಹೋಗ್ಲಿಲ್ಲ. ಕೊನೇ ಹತ್ತು ನಿಮಿಷ ಅವ್ರು ಮಾತಾಡಿದ್ದು ಆ ಎರಡು ಕಾಮೆಂಟ್ ಬಗ್ಗೇನೇ, ಮ್ಯಾನೇಜರ್‌ನ ಟ್ಯಾಗ್ ಮಾಡಿದ್ದಕ್ಕೆ ಎಷ್ಟು ಬೇಜಾರಾಯ್ತು ಅಂತ ಡೆವಲಪರ್ ಬಾಯ್ಬಿಟ್ಟು ಹೇಳಿದ್ದು ಅಲ್ಲೇ. ಇಬ್ರೂ ಅವರವರ ಕಾಮೆಂಟ್ ತಾವೇ ಡಿಲೀಟ್ ಮಾಡಿದ್ರು.

ಇಂಥ ಮೆಸೇಜ್ ಬರೀಲೇಬಾರದ ಕೇಸೂ ಇದೆ. ಜಾತಿ ಹಿಡಿದು ಬೈದಿರೋದು, ಹೆದರ್ಸಿರೋದು, ಲೈಂಗಿಕ ಕಿರುಕುಳ, ಇಂಥದ್ರಲ್ಲಿ "ಇಬ್ರೂ ಕೂತು ಮಾತಾಡಿ" ಅನ್ನೋದು ನೊಂದವರಿಗೆ ಮಾಡೋ ಅನ್ಯಾಯ. ಲೈಂಗಿಕ ಕಿರುಕುಳದ ದೂರಲ್ಲಿ ರಾಜಿ ಪ್ರಯತ್ನ ಮಾಡ್ಬೇಕಾದ್ರೂ ದೂರು ಕೊಟ್ಟ ಮಹಿಳೆಯೇ ಅದನ್ನ ಕೇಳಿರ್ಬೇಕು ಅಂತ 2013ರ ಕಾಯ್ದೇಲೇ ಇದೆ, ದುಡ್ಡು ಕೊಟ್ಟು ರಾಜಿ ಮಾಡ್ಸೋ ಹಾಗಂತೂ ಇಲ್ಲ. ಟೀಮ್ ಲೀಡ್‌ಗಳು ಇದನ್ನ ತಿಳ್ಕೊಂಡಿರ್ಲೇಬೇಕು. ಅಂಥ ಮಾತು ನಿಮ್ಮ ಕಿವಿಗೆ ಬಿದ್ರೆ ಮೀಟಿಂಗ್ ಕರೀಬೇಡಿ, ಹತ್ತು ಜನಕ್ಕಿಂತ ಕಮ್ಮಿ ಇಲ್ಲದ ಪ್ರತಿ ಆಫೀಸಲ್ಲೂ ಲೈಂಗಿಕ ಕಿರುಕುಳದ ದೂರು ವಿಚಾರಿಸೋ ಆಂತರಿಕ ಸಮಿತಿ ಇರ್ಲೇಬೇಕು, ದೂರು ಕೊಡೋಕೆ ಸಾಮಾನ್ಯವಾಗಿ ಮೂರು ತಿಂಗಳು ಟೈಮ್ ಇರುತ್ತೆ ಅಂತ ನೊಂದವರಿಗೆ ಹೇಳಿ, ಸಮಿತೀಲಿ ಯಾರಿದಾರೆ ಅಂತ ಹೆಸರು ಕೊಡಿ.