ಸ್ಪಷ್ಟನೆ: ಯೀಲ್ಡ್ ಕರ್ವ್ ತಲೆಕೆಳಗಾದರೆ ಏನರ್ಥ?

ಕೊಂಡ ಬೆಲೆಯ ಮೇಲೆ ಬಾಂಡ್ ಕೊಡುವ ವಾರ್ಷಿಕ ಆದಾಯವೇ ಯೀಲ್ಡ್. ಬೇರೆ ಬೇರೆ ಅವಧಿಯ ಬಾಂಡ್ ಯೀಲ್ಡ್ ಜೋಡಿಸಿದ ಗೆರೆಯೇ ಯೀಲ್ಡ್ ಕರ್ವ್. ಅದು ತಲೆಕೆಳಗಾದಾಗ ಹೀಗೊಂದು ಮಾತು ಕೇಳಿಬರುತ್ತದೆ:

"ದೀರ್ಘಾವಧಿ ಬಾಂಡ್‌ಗಳ ಬಡ್ಡಿ ಅಲ್ಪಾವಧಿಗಿಂತ ಕೆಳಗೆ ಬಂದಿದೆ. ಅಂದರೆ ಅವನ್ನು ಯಾರೂ ಕೊಳ್ಳುತ್ತಿಲ್ಲ, ಹಿಂಜರಿತ ಖಚಿತ."

ಯಾರೂ ಕೊಳ್ಳುತ್ತಿಲ್ಲ ಎಂಬ ಮಾತು ಪೂರ್ತಿ ಉಲ್ಟಾ. ಕೊಳ್ಳುವವರು ಮುಗಿಬಿದ್ದಾಗ ಬಾಂಡ್ ಬೆಲೆ ಏರುತ್ತದೆ, ಯೀಲ್ಡ್ ಇಳಿಯುತ್ತದೆ.

ಅವರು ಮುಗಿಬೀಳುವುದೇಕೆ ಎಂಬುದನ್ನು ಲೆಕ್ಕದಲ್ಲೇ ನೋಡಬಹುದು. 1 ವರ್ಷದ ಬಾಂಡ್ 7%, 2 ವರ್ಷದ್ದು ವರ್ಷಕ್ಕೆ 6% ಕೊಡುತ್ತಿದೆ ಎಂದುಕೊಳ್ಳಿ. ಎರಡರಲ್ಲೂ ಬಡ್ಡಿ ಸಿಗುವುದು ಕೊನೆಯಲ್ಲೇ. 100 ರೂಪಾಯಿ 2 ವರ್ಷದ ಬಾಂಡ್‌ನಲ್ಲಿ 112.36 ಆಗುತ್ತದೆ. 1 ವರ್ಷದ್ದರಲ್ಲಿ ಹಾಕಿದರೆ ವರ್ಷದ ಕೊನೆಗೆ 107. ಅದು ಮುಂದಿನ ವರ್ಷ 112.36 ಆಗಲು ಬೇಕಾದ ಬಡ್ಡಿ ಸುಮಾರು 5%. ಇದೇ ಫಾರ್ವರ್ಡ್ ದರ. ಈಗಿನ 7% ಉಳಿಯುವುದಿಲ್ಲ ಎಂದುಕೊಂಡವರು 6 ಪರ್ಸೆಂಟನ್ನೇ ಎರಡು ವರ್ಷಕ್ಕೆ ಭದ್ರ ಮಾಡಿಕೊಳ್ಳುತ್ತಾರೆ.

ಆದರೆ ಈ 5 ಪರ್ಸೆಂಟನ್ನು ಶುದ್ಧ ನಿರೀಕ್ಷೆ ಎಂದು ಓದಬಾರದು, ಎಡವುವುದು ಹೆಚ್ಚಾಗಿ ಇಲ್ಲೇ. ಅದರಲ್ಲಿ ಟರ್ಮ್ ಪ್ರೀಮಿಯಂ, ಅಂದರೆ ಹಣವನ್ನು ಹೆಚ್ಚು ಕಾಲ ಕಟ್ಟಿಡುವ ಅಪಾಯಕ್ಕೆ ಹೂಡಿಕೆದಾರರು ಕೇಳುವ ಹೆಚ್ಚುವರಿ ಬಡ್ಡಿ ಕೂಡ ಸೇರಿದೆ. ಪಿಂಚಣಿ ನಿಧಿಗಳಂಥವರು ದೀರ್ಘಾವಧಿ ಬಾಂಡ್ ಬೇಕೇಬೇಕೆಂದು ಕೊಂಡಾಗ ಅದು ಋಣಾತ್ಮಕವೂ ಆಗಬಹುದು. 2 ವರ್ಷದ ಯೀಲ್ಡ್ ಅದರಿಂದ 0.25 ಶೇಕಡಾ ಅಂಶ ತಗ್ಗಿದ್ದರೆ, ನಿಜವಾದ ನಿರೀಕ್ಷೆ ಸುಮಾರು 5.5%.

ಹಿಂಜರಿತ ಖಚಿತ ಎಂಬ ಮಾತೂ ಸರಿಯಲ್ಲ. ದರ ಇಳಿಕೆಯ ನಿರೀಕ್ಷೆಗೆ ಹಿಂಜರಿತದ ಭಯ ಒಂದು ಕಾರಣ. ಹಣದುಬ್ಬರ ತಗ್ಗುವ ನಂಬಿಕೆ ಇನ್ನೊಂದು. ಅಮೆರಿಕದಲ್ಲಿ 2022ರಿಂದ 2024ರವರೆಗೆ 2 ಮತ್ತು 10 ವರ್ಷಗಳ ನಡುವಿನ ಕರ್ವ್ ತಲೆಕೆಳಗಾಗಿಯೇ ಇತ್ತು. ಆ ಅವಧಿಯಲ್ಲಿ ಅಧಿಕೃತ ಹಿಂಜರಿತ ಘೋಷಣೆಯಾಗಲಿಲ್ಲ.