ಎರಡು ಸೆಕೆಂಡಿನ ‘ಅಯ್ಯೋ’

ಮೊದಲೆಲ್ಲ ಮನೆಯ ಇಂಟರ್ನೆಟ್ ನಿಂತು ಸಹಾಯವಾಣಿಗೆ ಫೋನ್ ಮಾಡಿದರೆ, “ತಮಗುಂಟಾದ ಅನಾನುಕೂಲತೆಗೆ ವಿಷಾದಿಸುತ್ತೇವೆ” ಅನ್ನುತ್ತಿದ್ದರು. ಕಾಲು ತುಳಿದವರು ಯಾರೂ ನನಗೆ ಇಲ್ಲಿಯವರೆಗೆ ಹಾಗಂದಿಲ್ಲ. ಗಿರಾಕಿಗಳಿಗೆ ಗೋಡೆ ಜೊತೆ ಮಾತಾಡಿದಂತಾಗಿ ದೂರಿರಬೇಕು. ಈಗ ಮೇಲಿನವರು, ಫೋನ್ ಎತ್ತುವವರು ನೋಡಿಕೊಂಡು ಮಾತಾಡುವ ಹಾಳೆಯನ್ನು ತಿದ್ದಿದ್ದಾರೆ. ನಡುನಡುವೆ ‘ಅಯ್ಯೋ, ಹೌದಾ’ ಬಂದಿದೆ, ಅಳತೆ ಮಾಡಿದ ಮೌನವೂ ಬಂದಿದೆ.

“ನಿಮ್ಮ ಹೆಸರು ಸಾರ್?”

ಹೇಳಿದೆ.

ಸರಿಯಾಗಿ ಎರಡು ಸೆಕೆಂಡ್ ಮೌನ. “ಅಯ್ಯೋ, ಹೌದಾ ಸಾರ್?”

ನನ್ನ ಹೆಸರು ಕೇಳಿ ಮರುಗಿದವರಲ್ಲಿ ಈ ಹುಡುಗಿಯೇ ಮೊದಲಿಗಳು.

“ನಿನ್ನೆ ಮರ ಸವರೋಕೆ ಬಂದು...” ಆ ಕಡೆ ನಿಶ್ಶಬ್ದ. “ಏಣಿ ಹತ್ತಿ...” ನಿಶ್ಶಬ್ದ. “ಕೊಂಬೆ ಕಡಿದು... ಹಲೋ, ಇದ್ದೀರೇನಮ್ಮಾ?”

ಕನ್ನಡದ ಮಾತು ‘ಬಂದು, ಹತ್ತಿ, ಕಡಿದು’ ಅಂತ ಎಳೆ ಎಳೆಯಾಗಿ ಬರುತ್ತದೆ. ಒಂದೊಂದು ಎಳೆಗೂ ಕೇಳುವವರ ‘ಹ್ಞೂಂ’ ಬೀಳಬೇಕು. ನಾವು ಹ್ಞೂಂಗುಟ್ಟದಿದ್ದರೆ ನಮ್ಮಜ್ಜಿ ಕಥೆಯನ್ನೇ ನಿಲ್ಲಿಸಿಬಿಡುತ್ತಿದ್ದಳು. ಹಾಳೆ ತಿದ್ದಿದವರು ‘ಹ್ಞೂಂ’ ಬರೆದಿದ್ದಾರೆ ನಿಜ, ಆದರೆ ತಮ್ಮ ಸಾಲುಗಳ ನಡುವೆ. ಅದು ಬೀಳಬೇಕಾದದ್ದು ನನ್ನ ಮಾತಿನ ನಡುವೆ. ಅಲ್ಲಿ ನಾನು ಏನನ್ನುತ್ತೇನೋ ಅವರಿಗೆ ಹೇಗೆ ಗೊತ್ತಾಗಬೇಕು?

“ಅರ್ಥ ಆಯ್ತು ಸಾರ್. ಮೋಡೆಮ್ ಆಫ್ ಮಾಡಿ ಆನ್ ಮಾಡಿ.”

“ತಂತಿ ತುಂಡಾಗಿ ಬೇಲಿ ಮೇಲೆ ಬಿದ್ದಿದೆಯಮ್ಮ.”

“ಹ್ಞೂಂ ಸಾರ್. ಆನ್ ಆಯ್ತಾ?”

ಇಷ್ಟೆಲ್ಲ ಮೌನ ಉಣಿಸಿದವರು, ಅದು ನಿಜವಾಗಿ ಬೇಕಿದ್ದ ಜಾಗದಲ್ಲಿ ಮಾತ್ರ ಕೈಬಿಟ್ಟಿದ್ದರು. 12 ಅಂಕಿಯ ದೂರಿನ ಸಂಖ್ಯೆ ಒಂದೇ ಉಸಿರಿಗೆ ಹೊರಟಿತು. ಮೂರು ಅಂಕಿ ಹೇಳಿ, ನಾನು ಬರೆದುಕೊಂಡು ‘ಹ್ಞೂಂ’ ಅಂದಮೇಲೆ ಮುಂದಿನ ಮೂರು ಹೇಳಿದ್ದರೆ ಸಾಕಿತ್ತು. ತರಕಾರಿ ಮಾರುವವರೂ ಫೋನ್ ನಂಬರ್ ಹಾಗೇ ಕೊಡುತ್ತಾರೆ, ಯಾವ ತರಬೇತಿಯೂ ಇಲ್ಲದೆ.

“ಪೆನ್ ಬರೀತಿಲ್ಲ, ತಾಳಮ್ಮ” ಅಂದೆ. ಅದು ಹಾಳೆಯಲ್ಲಿ ಇರಲಿಲ್ಲವೆಂದು ಕಾಣುತ್ತದೆ. ಹುಡುಗಿ ಕಿಸಕ್ಕನೆ ನಕ್ಕಳು.

“ನಿಧಾನಕ್ಕೆ ಹುಡುಕಿ ಸಾರ್... ಅಂದಹಾಗೆ, ಮೋಡೆಮ್‌ನಲ್ಲಿ LOS ಅಂತ ಇರೋ ಕಡೆ ಕೆಂಪು ಲೈಟ್ ಬರ್ತಿದ್ಯಾ?”

“ಬರ್ತಿದೆ.”

“ಹಂಗಾದ್ರೆ ಆಫ್-ಆನ್ ಮಾಡಿ ಏನೂ ಉಪಯೋಗ ಇಲ್ಲ ಬಿಡಿ. ಬೆಳಕೇ ಬರ್ತಿಲ್ಲ, ಫೈಬರ್ ಕಟ್ಟಾಗಿದೆ. ಲೈನ್‌ಮ್ಯಾನ್ ಬಂದು ಜೋಡಿಸಬೇಕು. ಬೇಲಿ ಮೇಲೆ ಅಂದ್ರಲ್ಲ? ಬರ್ದಿದೀನಿ. ಬಗ್ಗಿಸಿ ಸುತ್ತೋಕೆ ಹೋಗ್ಬೇಡಿ, ಒಳಗೆ ಗಾಜಿನ ಎಳೆ ಇರುತ್ತೆ.”

ಅರ್ಧ ನಿಮಿಷದಲ್ಲಿ ಕೆಲಸ ಮುಗಿಯಿತು. ಮತ್ತೆ ಮೌನ, ಈ ಸಲ ಎರಡು ಸೆಕೆಂಡಿಗಿಂತ ಜಾಸ್ತಿ.

“ಸಾರ್...” ದನಿ ಇಳಿಯಿತು. “ಇದೆಲ್ಲ ರೆಕಾರ್ಡ್ ಆಗ್ತಿರುತ್ತೆ. ಒಂದು ‘ಅಯ್ಯೋ’ ಬಾಕಿ ಇದೆ, ಹೇಳ್ದೇ ಇದ್ರೆ ಮಾರ್ಕ್ಸ್ ಕಟ್ ಮಾಡ್ತಾರೆ. ಹೇಳ್ಬಿಡ್ಲಾ?”

“ಹೇಳಮ್ಮ.”

“ಅಯ್ಯೋ, ಹೌದಾ ಸಾರ್?”

“ಹ್ಞೂಂ” ಅಂದೆ.